ಕ್ಲೌಡ್‌ಗೆ ಹೋದ ಮೇಲೆ ನಿಧಾನವಾಯಿತೇಕೆ?

ಕಚೇರಿಯ ಸರ್ವರ್‌ನಲ್ಲಿ ವರ್ಷಗಳಿಂದ ಓಡುತ್ತಿರುವ ತಂತ್ರಾಂಶವನ್ನು ಕ್ಲೌಡ್‌ಗೆ ಒಯ್ಯಲು ಮುಖ್ಯವಾಗಿ ಎರಡು ದಾರಿಗಳಿವೆ. ಒಂದು ‘ಲಿಫ್ಟ್ ಅಂಡ್ ಶಿಫ್ಟ್’. ಡಿಸ್ಕ್‌ನಲ್ಲಿರುವುದನ್ನೆಲ್ಲ ಇದ್ದ ಹಾಗೇ ನಕಲು ಮಾಡಿ, ಕ್ಲೌಡ್‌ನ ಬಾಡಿಗೆ ಯಂತ್ರದಲ್ಲಿ ಚಾಲೂ ಮಾಡುವುದು. ಇನ್ನೊಂದು ‘ರಿಫ್ಯಾಕ್ಟರಿಂಗ್’. ಕ್ಲೌಡ್‌ಗೆ ಒಗ್ಗುವಂತೆ ಕೋಡನ್ನೇ ತಿದ್ದುವುದು. ಮೊದಲನೆಯದು ಬೇಗ ಮುಗಿಯುತ್ತದೆ. ಎರಡನೆಯದಕ್ಕೆ ತಿಂಗಳುಗಟ್ಟಲೆ ಬೇಕಾಗಬಹುದು. ಹಾಗಾಗಿ ಮನಸ್ಸು ಮೊದಲನೆಯದರ ಕಡೆಗೇ ವಾಲುತ್ತದೆ.

ಬೆಂಗಳೂರಿನ ಒಂದು ಕಚೇರಿಯಲ್ಲಿ 200 ನೌಕರರಿದ್ದಾರೆ ಎಂದಿಟ್ಟುಕೊಳ್ಳಿ. ಯಾರಿಗೆ ಎಷ್ಟು ರಜೆ ಬಾಕಿಯಿದೆ ಎಂದು ತೋರಿಸುವ ಪುಟವೊಂದು ಅಲ್ಲಿನ ತಂತ್ರಾಂಶದಲ್ಲಿದೆ. ಅದು ಮೊದಲು ನೌಕರರ ಪಟ್ಟಿಯನ್ನು ಡೇಟಾಬೇಸ್‌ನಿಂದ ತರುತ್ತದೆ. ಆಮೇಲೆ ಪ್ರತಿಯೊಬ್ಬರ ಲೆಕ್ಕಕ್ಕೂ ಬೇರೆ ಬೇರೆಯಾಗಿ ಕೇಳುತ್ತದೆ. ಒಟ್ಟು 201 ಪ್ರಶ್ನೆ. ಪಟ್ಟಿಯಲ್ಲಿರುವ ಒಂದೊಂದು ಸಾಮಾನಿಗೂ ಅಂಗಡಿಗೆ ಹೋಗಿಬಂದ ಹಾಗೆ. ಎರಡೂ ಯಂತ್ರಗಳು ಒಂದೇ ಕೋಣೆಯಲ್ಲಿದ್ದಾಗ ಒಂದು ಪ್ರಶ್ನೆ ಹೋಗಿಬರಲು ಅರ್ಧ ಮಿಲಿಸೆಕೆಂಡ್ ಸಾಕು. ಪುಟ ಕಣ್ಣು ಮಿಟುಕಿಸುವುದರೊಳಗೆ ತೆರೆದುಕೊಳ್ಳುತ್ತದೆ. ದೋಷ ಯಾರಿಗೂ ಗೊತ್ತಾಗುವುದಿಲ್ಲ.

ಈಗ ತಂತ್ರಾಂಶವನ್ನು ಮಾತ್ರ ಮುಂಬೈನ ಕ್ಲೌಡ್ ಕೇಂದ್ರಕ್ಕೆ ಸಾಗಿಸಿ, ‘ಡೇಟಾ ನಮ್ಮ ಕೈಯಲ್ಲೇ ಇರಲಿ’ ಎಂದು ಡೇಟಾಬೇಸನ್ನು ಬೆಂಗಳೂರಿನಲ್ಲೇ ಉಳಿಸಿಕೊಂಡರು. ಒಂದು ಸುತ್ತಿಗೆ 25 ಮಿಲಿಸೆಕೆಂಡ್ ಹಿಡಿದರೂ 201 ಸುತ್ತಿಗೆ ಐದು ಸೆಕೆಂಡ್ ಆಯಿತು. ಯಂತ್ರ ಸಾಲದು ಎಂದುಕೊಂಡು ಇನ್ನೂ ದೊಡ್ಡದನ್ನು ಬಾಡಿಗೆಗೆ ಪಡೆದರೆ ಬಿಲ್ಲು ಏರುತ್ತದೆ, ವೇಗ ಏರುವುದಿಲ್ಲ. ಯಂತ್ರ ಕೆಲಸದ ಹೊರೆಯಿಂದ ದಣಿದಿಲ್ಲ, ಉತ್ತರಕ್ಕೆ ಕಾಯುತ್ತಿದೆ ಅಷ್ಟೆ. ಪತ್ತೆಹಚ್ಚುವುದು ಕಷ್ಟವಲ್ಲ: ಪುಟ ನಿಧಾನ, ಆದರೆ ಎರಡೂ ಕಡೆ ಪ್ರೊಸೆಸರ್ ಬಳಕೆ ತೀರಾ ಕಡಿಮೆ ಎಂದರೆ ಗುಮಾನಿ ಇದರ ಮೇಲೆ. ಡೇಟಾಬೇಸ್‌ನ ಲಾಗ್ ತೆಗೆದು ಒಂದು ಪುಟಕ್ಕೆ ಎಷ್ಟು ಪ್ರಶ್ನೆ ಬರುತ್ತಿವೆ ಎಂದು ಎಣಿಸಿದರೆ ಖಾತ್ರಿಯಾಗುತ್ತದೆ.

ಇದಕ್ಕೆ ಮದ್ದು ಎರಡು. ಡೇಟಾಬೇಸನ್ನೂ ತಂತ್ರಾಂಶದ ಜೊತೆಗೇ ಸಾಗಿಸುವುದು ಒಂದು. ಆಗ ಕೋಡ್ ಮುಟ್ಟದೆಯೇ ಹಳೆಯ ವೇಗ ಬಹುಮಟ್ಟಿಗೆ ಮರಳುತ್ತದೆ. ಡೇಟಾಬೇಸ್ ಕದಲಿಸುವಂತಿಲ್ಲ ಎಂದಾದರೆ, 200 ಜನರ ಲೆಕ್ಕವನ್ನು ಒಂದೇ ಪ್ರಶ್ನೆಯಲ್ಲಿ ತರಿಸುವಂತೆ ಆ ಪುಟವನ್ನು ತಿದ್ದುವುದು ಇನ್ನೊಂದು. ಇದು ಇಡೀ ತಂತ್ರಾಂಶದ ಮರುರಚನೆಯಲ್ಲ, ಒಂದು ಪುಟದ ರಿಫ್ಯಾಕ್ಟರಿಂಗ್.

ಹೆಚ್ಚಿನ ತಿದ್ದುಪಡಿ ಬೇಕಾಗುವುದು ಸಂಬಳದ ದಿನದಂಥ ದಟ್ಟಣೆಗೆ. ಆ ದಿನ ಮಾತ್ರ ಎರಡನೇ ಯಂತ್ರ ಸೇರಿಸಿಕೊಳ್ಳುವುದು ಕ್ಲೌಡ್‌ನಲ್ಲಿ ಸುಲಭ. ಆದರೆ ಹಳೆಯ ತಂತ್ರಾಂಶ ಲಾಗಿನ್ ಆದವರ ವಿವರವನ್ನು ಮೊದಲ ಯಂತ್ರದ ಮೆಮೊರಿಯಲ್ಲೂ, ಸಂಬಳದ ಚೀಟಿಗಳನ್ನು ಅದರದೇ ಡಿ ಡ್ರೈವ್‌ನಲ್ಲೂ ಇಟ್ಟಿದ್ದರೆ ಎರಡನೇ ಯಂತ್ರಕ್ಕೆ ಬಂದವರಿಗೆ ಮತ್ತೆ ಲಾಗಿನ್ ಆಗಿ ಎನ್ನುತ್ತದೆ, ಚೀಟಿಯೂ ಸಿಗುವುದಿಲ್ಲ. ಇವೆರಡನ್ನೂ ಯಂತ್ರದಿಂದ ಹೊರಗೆ, ಎಲ್ಲರೂ ತಲುಪಬಲ್ಲ ಜಾಗದಲ್ಲಿ ಇಡುವಂತೆ ಕೋಡ್ ಬದಲಿಸಲೇಬೇಕು.

ಎರಡು ವರ್ಷದಲ್ಲಿ ಮೂಲೆಗೆ ಸೇರಲಿರುವ ತಂತ್ರಾಂಶಕ್ಕೆ ಈ ಖರ್ಚು ದಂಡ. ಉಳಿಯುವಂಥದ್ದಾದರೆ ಡೇಟಾಬೇಸ್ ಸಮೇತ ಸಾಗಿಸಿ, ಒಂದು ಸಂಬಳದ ದಿನ ಕಳೆಯಲಿ. ಎಲ್ಲಿ ಕಾಯುತ್ತಿದೆ ಎಂದು ಅಳೆದು, ಅಷ್ಟನ್ನೇ ತಿದ್ದಿ.