ಮಹಾಯುದ್ಧದ ಹೊಣೆ ಯಾರದು? ಉತ್ತರ ಕಟ್ಟುವ ಬಗೆ

ಮೊದಲ ಮಹಾಯುದ್ಧದ ಕಾರಣಗಳನ್ನು ಕೇಳಿದರೆ ಅನೇಕ ವಿದ್ಯಾರ್ಥಿಗಳು ಮೈತ್ರಿಕೂಟ, ಶಸ್ತ್ರಾಸ್ತ್ರ ಪೈಪೋಟಿ, ಸಾಮ್ರಾಜ್ಯಶಾಹಿ, ರಾಷ್ಟ್ರೀಯತೆ ಎಂದು ಪಟ್ಟಿ ಮಾಡಿ ಸರಾಯೆವೊ ಹತ್ಯೆಯಲ್ಲಿ ಮುಗಿಸುತ್ತಾರೆ. ಯಾವ ಕಾರಣಕ್ಕೆ ಎಷ್ಟು ತೂಕ ಎಂಬುದು ಅಲ್ಲಿ ಸಿಗುವುದಿಲ್ಲ.

ಒಳ್ಳೆಯ ಉತ್ತರ ಮೊದಲ ಪ್ಯಾರಾದಲ್ಲೇ ನಿಲುವು ತಿಳಿಸುತ್ತದೆ: ಮೈತ್ರಿಕೂಟಗಳು ಯುದ್ಧವನ್ನು ಹರಡಿದವು, ಹೊತ್ತಿಸಿದ್ದು 1914ರ ಜುಲೈ ತಿಂಗಳ ನಿರ್ಧಾರಗಳು. ನಂತರ ಆಧಾರ ಬರಬೇಕು. ಜುಲೈ 5ರಂದು ಜರ್ಮನಿಯ ಕೈಸರ್ ಎರಡನೆಯ ವಿಲ್ಹೆಲ್ಮ್ ಆಸ್ಟ್ರಿಯಾಕ್ಕೆ ಪೂರ್ಣ ಬೆಂಬಲದ ಭರವಸೆ ಕೊಟ್ಟ. ಇತಿಹಾಸಕಾರ ಫ್ರಿಟ್ಜ್ ಫಿಶರ್ 1961ರಲ್ಲಿ ಮುಖ್ಯ ಹೊಣೆಯನ್ನು ಜರ್ಮನಿಯ ಮೇಲೆಯೇ ಹೊರಿಸಿದರು.

ಪ್ರತಿವಾದ ಇದರ ಬೆನ್ನಿಗೇ ಬರಬೇಕು. ಜರ್ಮನಿ ಯುದ್ಧ ಸಾರುವ ಮೊದಲೇ, ಜುಲೈ 30ರಂದು, ರಷ್ಯಾ ತನ್ನ ಇಡೀ ಸೇನೆಯನ್ನು ಸಜ್ಜುಗೊಳಿಸಲು ಆದೇಶಿಸಿತ್ತು. ಕ್ರಿಸ್ಟೋಫರ್ ಕ್ಲಾರ್ಕ್ 2012ರಲ್ಲಿ ಹೊಣೆಯನ್ನು ಹಲವು ರಾಜಧಾನಿಗಳಿಗೆ ಹಂಚಿದರು.

ಇಬ್ಬರದೂ ಸರಿ ಎಂದು ನಿಲ್ಲಿಸಿದರೆ ಅದು ತೀರ್ಮಾನವಲ್ಲ. ಎರಡನ್ನೂ ಒಂದು ಘಟನೆಯಿಂದ ಪರೀಕ್ಷಿಸಬೇಕು. 1912-13ರ ಬಾಲ್ಕನ್ ಯುದ್ಧಗಳ ಕಾಲದಲ್ಲೂ ಮೈತ್ರಿಕೂಟಗಳಿದ್ದವು, ಆದರೂ ಮಹಾಶಕ್ತಿಗಳು ಪರಸ್ಪರ ಕಾದಾಡಲಿಲ್ಲ. 1914ರಲ್ಲಿ ಬದಲಾದದ್ದು ಅಪಾಯಕ್ಕೆ ಕೈಹಾಕುವ ಸಿದ್ಧತೆ. ರಷ್ಯಾ ಅದನ್ನು ಬೆಳೆಸಿತು, ಮೊದಲ ಹೆಜ್ಜೆ ಇಟ್ಟವು ವಿಯೆನ್ನಾ ಮತ್ತು ಬರ್ಲಿನ್.