ಪ್ಯಾರಸಿಟಮಾಲ್ ಆಯಿತೋ ಇಲ್ಲವೋ: ಅವಕೆಂಪು ರೋಹಿತ ಓದುವ ಬಗೆ

ರಸಾಯನಶಾಸ್ತ್ರದ ಪ್ರಯೋಗಾಲಯಗಳಲ್ಲಿ ವಿದ್ಯಾರ್ಥಿಗಳಿಂದ ಮಾಡಿಸುವ ಒಂದು ಪ್ರಯೋಗವಿದೆ. ಪ್ಯಾರಾ ಅಮೈನೋಫೀನಾಲ್ ಎಂಬ ಪುಡಿಗೆ ಅಸಿಟಿಕ್ ಅನ್‌ಹೈಡ್ರೈಡ್ ಬೆರೆಸಿ, ಬಿಸಿ ಮಾಡಿ, ತಣಿಸಿ ಸೋಸಿದರೆ ಜ್ವರದ ಮಾತ್ರೆಯಲ್ಲಿರುವ ಪ್ಯಾರಸಿಟಮಾಲ್ ಸಿಗುತ್ತದೆ. ಹಾಕಿದ್ದೂ ಪುಡಿ, ಬಂದದ್ದೂ ಪುಡಿ. ನಿಜಕ್ಕೂ ಹೊಸ ವಸ್ತು ಆಗಿದೆಯೇ ಎಂದು ತಿಳಿಯಲು ಎರಡರ ಅವಕೆಂಪು ರೋಹಿತವನ್ನೂ ತೆಗೆದು ಪಕ್ಕಪಕ್ಕದಲ್ಲಿಟ್ಟು ನೋಡುತ್ತಾರೆ.

ಅಣುವಿನಲ್ಲಿ ಪರಮಾಣುಗಳ ನಡುವಿನ ಬಂಧಗಳು ಸ್ಪ್ರಿಂಗ್‌ಗಳ ಹಾಗೆ ಸದಾ ಹಿಗ್ಗಿ ಕುಗ್ಗುತ್ತಿರುತ್ತವೆ. ಆ ಕಂಪನಕ್ಕೆ ಹೊಂದುವ ಅವಕೆಂಪು ಕಿರಣ ಬಂದಾಗ ಬಂಧ ಅದನ್ನು ಹೀರಿಕೊಳ್ಳುತ್ತದೆ. ಹೀರಿಕೊಂಡ ಜಾಗದಲ್ಲಿ ಕಾಗದದ ಮೇಲಿನ ಗೆರೆ ಕೆಳಕ್ಕೆ ಇಳಿದು ತಗ್ಗು ಮೂಡುತ್ತದೆ. ಎಡತುದಿಯಲ್ಲಿ 4000, ಬಲತುದಿಯಲ್ಲಿ 400 ಎಂದು ಗುರುತಿಸಿರುವುದು ತರಂಗಸಂಖ್ಯೆ, ಅಂದರೆ ಒಂದು ಸೆಂಟಿಮೀಟರಿನಲ್ಲಿ ಎಷ್ಟು ಅಲೆಗಳು ಹಿಡಿಸುತ್ತವೆ ಎಂಬ ಲೆಕ್ಕ. ಹಗುರವಾದ ಹೈಡ್ರೋಜನ್ ಇರುವ ಬಂಧಗಳು ಬೇಗ ಕಂಪಿಸುವುದರಿಂದ ಎಡಗಡೆ, 3000ದ ಆಚೆ ಈಚೆ ಕಾಣುತ್ತವೆ.

ಮೊದಲು ಪ್ಯಾರಾ ಅಮೈನೋಫೀನಾಲಿನ ಗೆರೆ ನೋಡೋಣ. ಸುಮಾರು 3340 ಮತ್ತು 3280ರಲ್ಲಿ ಎರಡು ಚೂಪಾದ ತಗ್ಗುಗಳು ಜೋಡಿಯಾಗಿ ನಿಂತಿವೆ. ಇದು ಅಮೈನಿನ ಗುರುತು. ಒಂದೇ ನೈಟ್ರೋಜನ್ನಿಗೆ ಎರಡು ಹೈಡ್ರೋಜನ್ ಅಂಟಿಕೊಂಡಿರುವಾಗ ಎರಡು ಬಂಧಗಳೂ ಒಟ್ಟಿಗೆ ಹಿಗ್ಗಬಹುದು, ಇಲ್ಲವೇ ಒಂದು ಹಿಗ್ಗುವಾಗ ಇನ್ನೊಂದು ಕುಗ್ಗಬಹುದು. ಈ ಎರಡು ಬಗೆಗೆ ಬೇಕಾದ ಶಕ್ತಿ ಬೇರೆ ಬೇರೆ, ಹಾಗಾಗಿ ತಗ್ಗೂ ಎರಡು. ಹೈಡ್ರೋಜನ್ ಒಂದೇ ಇದ್ದರೆ ತಗ್ಗು ಒಂದೇ. ಒಂದೂ ಇಲ್ಲದ ತೃತೀಯಕ ಅಮೈನಿನಲ್ಲಿ ಈ ಜಾಗ ಖಾಲಿ. ಆದ್ದರಿಂದ ಇಲ್ಲಿ ತಗ್ಗು ಕಾಣದಿದ್ದ ಮಾತ್ರಕ್ಕೆ ಅಮೈನೇ ಇಲ್ಲವೆಂದು ತೀರ್ಮಾನಿಸಬಾರದು.

ಈ ಜೋಡಿಯ ಬಲಕ್ಕೆ ಅಗಲವಾದ, ಅಂಚು ಮಸುಕಾದ ಇಳಿಜಾರು ಹರಡಿಕೊಂಡಿದೆ. ಅದು ಹೈಡ್ರಾಕ್ಸಿಲ್. ಘನವಸ್ತುವಿನಲ್ಲಿ ಒಂದು ಅಣುವಿನ ಹೈಡ್ರಾಕ್ಸಿಲ್ ಪಕ್ಕದ ಅಣುವನ್ನು ಹೈಡ್ರೋಜನ್ ಬಂಧದಿಂದ ಹಿಡಿದುಕೊಂಡಿರುತ್ತದೆ. ಈ ಹಿಡಿತದಿಂದ ಅದರ ಕಂಪನ ನಿಧಾನವಾಗುತ್ತದೆ, ಒಂದೇ ಜಾಗದಲ್ಲಿ ನಿಲ್ಲದೆ ಹರಡಿಕೊಳ್ಳುತ್ತದೆ. ಹಾಗಾಗಿ ಸಂಖ್ಯೆಗಿಂತ ಮೊದಲು ಆಕಾರ ನೋಡುವುದೇ ಸರಿಯಾದ ಅಭ್ಯಾಸ ಎಂದು ನಾನು ನಂಬಿದ್ದೇನೆ. ಸಂಖ್ಯೆಗಳು ಒಂದರ ಮೇಲೊಂದು ಬೀಳುವ ಈ ಭಾಗದಲ್ಲಿ ಅಗಲ ಯಾವುದು, ಚೂಪು ಯಾವುದು ಎಂಬುದೇ ದಾರಿ ತೋರಿಸುತ್ತದೆ. ಇನ್ನು 1850ರಿಂದ 1650ರವರೆಗಿನ ಜಾಗ ಬಹುಮಟ್ಟಿಗೆ ಖಾಲಿ, ಏಕೆಂದರೆ ಈ ಅಣುವಿನಲ್ಲಿ ಕಾರ್ಬನೈಲ್ ಇಲ್ಲ.

ಈಗ ತಯಾರಾದ ಪುಡಿಯ ಗೆರೆ. ಜೋಡಿ ತಗ್ಗು ಮಾಯವಾಗಿ ಸುಮಾರು 3325ರಲ್ಲಿ ಒಂದೇ ಒಂದು ಉಳಿದಿದೆ: ನೈಟ್ರೋಜನ್ ಒಂದು ಹೈಡ್ರೋಜನ್ನನ್ನು ಬಿಟ್ಟುಕೊಟ್ಟಿದೆ. 3160ರ ಸುತ್ತ ಅಗಲವಾದ ಹೈಡ್ರಾಕ್ಸಿಲ್ ಹಾಗೇ ಇದೆ. 1655ರ ಹತ್ತಿರ ಆಳವಾದ ತಗ್ಗೊಂದು ಹೊಸದಾಗಿ ಬಂದಿದೆ. ಅದೇ ಕಾರ್ಬನೈಲ್. ಇಂಗಾಲ ಮತ್ತು ಆಮ್ಲಜನಕದ ನಡುವೆ ವಿದ್ಯುದಾವೇಶ ಬಹಳ ಅಸಮವಾಗಿ ಹಂಚಿಕೊಂಡಿರುವುದರಿಂದ ಈ ಬಂಧ ಕಿರಣವನ್ನು ಜೋರಾಗಿ ಹೀರುತ್ತದೆ. ಸಾಮಾನ್ಯ ಕೀಟೋನಿನಲ್ಲಿ ಇದು 1715ರ ಆಸುಪಾಸಿನಲ್ಲಿರುತ್ತದೆ. ಇಲ್ಲಿ ಪಕ್ಕದ ನೈಟ್ರೋಜನ್ ತನ್ನ ಎಲೆಕ್ಟ್ರಾನ್ ಜೋಡಿಯನ್ನು ಅತ್ತ ಹಂಚಿಕೊಳ್ಳುವುದರಿಂದ ಕಾರ್ಬನೈಲಿನ ಜೋಡಿಬಂಧ ತುಸು ಸಡಿಲಗೊಂಡು ತಗ್ಗು ಕೆಳಗಿನ ಸಂಖ್ಯೆಗೆ ಜಾರಿದೆ. ಅಂದರೆ ಕಾರ್ಬನೈಲ್ ಬಂದು ಕೂತದ್ದು ನೈಟ್ರೋಜನ್ನಿನ ಪಕ್ಕದಲ್ಲೇ. ನಮಗೆ ಬೇಕಾದ ಅಮೈಡ್ ಇದು.

ಅನ್‌ಹೈಡ್ರೈಡ್ ಹೆಚ್ಚಾಗಿ ಹೈಡ್ರಾಕ್ಸಿಲ್ಲಿಗೂ ತಗುಲಿದ್ದರೆ 1760ರ ಹತ್ತಿರ ಎಸ್ಟರಿನ ಇನ್ನೊಂದು ಆಳ ತಗ್ಗು ಕಾಣುತ್ತಿತ್ತು, 3160ರ ಅಗಲ ಇಳಿಜಾರು ಕ್ಷೀಣಿಸುತ್ತಿತ್ತು. ಹೀಗೆ ಎರಡು ಬದಲಾವಣೆಗಳು ಒಂದಕ್ಕೊಂದು ಸಾಕ್ಷಿ ಹೇಳಿದಾಗ ಮಾತ್ರ ತೀರ್ಮಾನ ಗಟ್ಟಿ.

ಹೊಸಬರನ್ನು ಹೆಚ್ಚು ದಾರಿ ತಪ್ಪಿಸುವುದು ನೀರು. ಒಂದು ಮಿಲಿಗ್ರಾಮಿನಷ್ಟು ಪುಡಿಯನ್ನು ಅದರ ನೂರಿನ್ನೂರು ಪಟ್ಟು ಪೊಟ್ಯಾಸಿಯಂ ಬ್ರೋಮೈಡಿನ ಜೊತೆ ಅರೆದು, ಒತ್ತಿ ತೆಳು ಬಿಲ್ಲೆ ಮಾಡುವುದು ರೂಢಿ. ಈ ಲವಣ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಆಗ 3400ರ ಸುತ್ತ ಅಗಲವಾದ ತಗ್ಗೊಂದು ಮೂಡಿ, ಇಲ್ಲದ ಹೈಡ್ರಾಕ್ಸಿಲ್ ಇದೆಯೆಂದು ಅನಿಸುತ್ತದೆ. 1640ರ ಬಳಿಯೂ ನೀರಿನದೇ ಸಣ್ಣ ತಗ್ಗು ಬಂದು ಅಮೈಡಿನ ಬುಡಕ್ಕೆ ಸೇರಿಕೊಳ್ಳುತ್ತದೆ. ಅನುಮಾನ ಬಂದರೆ ಬರೀ ಲವಣದ ಬಿಲ್ಲೆ ಮಾಡಿ ಇನ್ನೊಂದು ಗೆರೆ ತೆಗೆಯಬೇಕು. ಅಲ್ಲೂ ಅದೇ ತಗ್ಗು ಬಂದರೆ ಅದು ನೀರಿನದು. ಲವಣವನ್ನು ಒಲೆಯಲ್ಲಿ ಚೆನ್ನಾಗಿ ಒಣಗಿಸಿ ಮತ್ತೆ ಶುರುಮಾಡಬೇಕು. 2350ರಲ್ಲಿ ಕಾಣುವ ಪುಟ್ಟ ಜೋಡಿ ತಗ್ಗು ಯಂತ್ರದೊಳಗಿನ ಗಾಳಿಯ ಇಂಗಾಲದ ಡೈಆಕ್ಸೈಡಿನದು; ಅದನ್ನು ಬಿಟ್ಟುಬಿಡಬಹುದು.

ಆದರೂ ಈ ಗೆರೆ ಶುದ್ಧತೆಯ ಪ್ರಮಾಣಪತ್ರವಲ್ಲ. ನೂರರಲ್ಲಿ ಒಂದು ಪಾಲು ಪ್ಯಾರಾ ಅಮೈನೋಫೀನಾಲ್ ಉಳಿದಿದ್ದರೂ ಅದರ ಜೋಡಿ ತಗ್ಗು ಪ್ಯಾರಸಿಟಮಾಲಿನ ತಗ್ಗುಗಳೊಳಗೆ ಮುಳುಗಿಹೋಗುತ್ತದೆ. ಆ ವಸ್ತು ವಿಷಕಾರಿಯಾದ್ದರಿಂದ ಔಷಧದಲ್ಲಿ ಅದಕ್ಕೆ ಇರುವ ಮಿತಿ ಇದಕ್ಕಿಂತ ಎಷ್ಟೋ ಕಡಿಮೆ. ಅಷ್ಟು ಸೂಕ್ಷ್ಮವಾಗಿ ಅಳೆಯಲು ಔಷಧ ಕಾರ್ಖಾನೆಗಳು ಘಟಕಗಳನ್ನು ಬಿಡಿಬಿಡಿಯಾಗಿ ಬೇರ್ಪಡಿಸುವ ದ್ರವ ಕ್ರೊಮ್ಯಾಟೊಗ್ರಫಿಯನ್ನು ಬಳಸುತ್ತವೆ.