ಅಳಿಸುವ ಕೋರಿಕೆಯೂ ಉಳಿದ ಪ್ರತಿಯೂ
ತಮ್ಮ ದತ್ತಾಂಶವನ್ನು ಅಳಿಸಬೇಕೆಂದು ಫೇಸ್‌ಬುಕ್ ಬಳಕೆದಾರರು ಕೋರಿದಾಗ, ಮೆಟಾ ಸಂಸ್ಥೆಯು ಆ್ಯಪ್ ನಡೆಸುವವರಿಗೆ `signed_request` ಎಂಬ ಸಹಿಯುಕ್ತ ಕೋರಿಕೆಯನ್ನು ಕಳುಹಿಸುತ್ತದೆ. ಆ್ಯಪ್‌ನ ರಹಸ್ಯ ಕೀಲಿಯಿಂದ ಸಹಿಯನ್ನು ತಾಳೆ ನೋಡಿದ ಮೇಲೆಯೇ ಅದರೊಳಗಿನ `user_id` ನಂಬಲರ್ಹ. ತೊಡಕು ಹುಟ್ಟುವುದು ಇಲ್ಲಿಂದ. ಈ ಸಂಖ್ಯೆ ಆ್ಯಪ್‌ಗೆ ಸೀಮಿತವಾದುದು. ಅದೇ ವ್ಯಕ್ತಿ ಪುಟವೊಂದಕ್ಕೆ ಬರೆದ ಸಂದೇಶಗಳು ಪುಟಕ್ಕೆ ಸೀಮಿತವಾದ ಬೇರೊಂದು ಸಂಖ್ಯೆಯಡಿ ಶೇಖರವಾಗಿರುತ್ತವೆ. ಮೊದಲನೆಯದರಿಂದ ಮಾತ್ರ ಹುಡುಕಿದರೆ ಒಂದು ಸಾಲೂ ಅಳಿಯದು. ಆ ಸೊನ್ನೆಯನ್ನು ಕಾರ್ಯಸಿದ್ಧಿಯೆಂದು ಓದುವುದು ಪ್ರಮಾದ. ಎರಡೂ ಸಂಖ್ಯೆಗಳನ್ನು ಜೋಡಿಸುವ ಕೋಷ್ಟಕವನ್ನು ಮೊದಲು ನೋಡಿ, ಕೊನೆಯಲ್ಲಿ ಅಳಿಸತಕ್ಕದ್ದು.

ಟಿಪ್ಪಣಿ, ಸಂದೇಶಗಳ ಕೋಷ್ಟಕಗಳು ಬರಿದಾದರೂ ಕೆಲಸ ಮುಗಿಯದು. ಎನ್‌8ಎನ್‌ನಂಥ ಸ್ವಯಂಚಾಲನ ತಂತ್ರಾಂಶವು ಪ್ರತಿಯೊಂದು ಓಟದ ವಿವರವನ್ನು `execution_data` ಎಂಬ ಕೋಷ್ಟಕದಲ್ಲಿ ಇರಿಸಬಲ್ಲದು. ಸಂದೇಶದ ಪೂರ್ಣಪಾಠ ಅಲ್ಲಿಯೂ ಇರುತ್ತದೆ. ಗ್ರಂಥಸಂಪಾದನೆ ಬಲ್ಲವರಿಗೆ ಇದು ಹೊಸತಲ್ಲ: ಮೂಲ ನಾಶವಾದರೂ ಪ್ರತಿ ಉಳಿಯುತ್ತದೆ. ಹಳೆಯ ಓಟಗಳನ್ನು ಕಳೆಯುವ ರೂಢಿಯ ಅವಧಿ 336 ಗಂಟೆ, ಅಂದರೆ 14 ದಿನ; ಆ ಸೌಲಭ್ಯವನ್ನು ನಿಲ್ಲಿಸಿದ್ದರೆ ಅವು ಹಾಗೆಯೇ ಉಳಿಯುತ್ತವೆ. ಆದ್ದರಿಂದ ಆ ವ್ಯಕ್ತಿಯ ಸಂಖ್ಯೆಯಿರುವ ಓಟಗಳನ್ನು ಹುಡುಕಿ ತೆಗೆಯಬೇಕು. ಉತ್ತರವಾಗಿ ಮೆಟಾಗೆ ಸ್ಥಿತಿ ತಿಳಿಸುವ `url` ಮತ್ತು `confirmation_code` ಕೊಡಬೇಕು; ಆ ಸಂಕೇತವನ್ನು ವ್ಯಕ್ತಿಯ ಸಂಖ್ಯೆಯಿಂದಲೇ ರಚಿಸಿದರೆ, ಅಳಿಸಿದ ಗುರುತನ್ನು ಮತ್ತೆ ಬರೆದಿಟ್ಟಂತೆ.